ಟೈಪಿಂಗ್ ಅಂತ ಬಂತು, ಮತ್ತ ಹೋತು

ಜೇವರ್ಗಿಯ ಕಾಲೇಜೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಅರ್ಧ ಕನ್ನಡ, ಅರ್ಧ ಇಂಗ್ಲಿಷ್ ಸೇರಿಸಿ ಉತ್ತರ ಕೊಡುವ ಹುಡುಗರನ್ನು ತಿದ್ದುವುದಕ್ಕೇ ನನಗೆ ಸಂಬಳ. ಅಂಥವಳು ಮನೆಗೆ ಬಂದು ಅದೇ ಬೆರಕೆ ಮಾತಿನಲ್ಲಿ ಹಾಡು ಬರೆಯಲು ಕೂತದ್ದನ್ನು ಕೇಳಿ ಅತನೂರಿನಲ್ಲಿರುವ ನನ್ನ ಅವ್ವ, "ಹಗಲೆಲ್ಲಾ ಕಸ ತಗದು ಸಂಜಿಗೆ ನೀನೇ ಚೆಲ್ತೀ ನೋಡು" ಎಂದಿದ್ದಳು.

ಬೆಂಗಳೂರಿನ ಒಬ್ಬ ಸಂಗೀತ ನಿರ್ದೇಶಕ ನಾನು ಫೇಸ್‌ಬುಕ್ಕಿನಲ್ಲಿ ಹಾಕಿದ್ದ ಕೆಲವು ಸಾಲುಗಳನ್ನು ನೋಡಿ ಮಾತಾಡಿಸಿದ್ದ. ಸಿನಿಮಾದವನಲ್ಲ, ತಾನೇ ಹಾಡು ಮಾಡಿ ಬಿಡುವವನು. ಗಿಟಾರಿನ ಮೇಲೆ ಬರೀ ಲಲಲ ಎಂದು ಹಾಡಿ ಒಂದು ಟ್ಯೂನ್ ಕಳಿಸಿದ. "ಬ್ರೇಕಪ್ ಸಾಂಗ್ ಮೇಡಂ. ಸಿಟಿ ಹುಡುಗ್ರು ಕೇಳೋ ಥರ ಇರ್ಬೇಕು. ಕನ್ನಡ, ಇಂಗ್ಲಿಷ್ ಮಿಕ್ಸ್. ಬಟ್ ಫೋರ್ಸ್ಡ್ ಅನ್ನಿಸಬಾರದು" ಎಂದ. ಅವನ ಆ ಮಾತೇ ಎಷ್ಟು ಸರಾಗವಾಗಿ ಬೆರೆತಿತ್ತು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಎರಡು ದಿನ ಕೂತು ಬರೆದೆ. "ನನ್ನ ಹಾರ್ಟಿನ ಡೋರಿಗೆ ಲಾಕು, ನಿನ್ನ ನೆನಪಿಗೆ ಇಲ್ಲ ಬ್ರೇಕು." ಪ್ರಾಸ ಬಂದಿತ್ತು, ಬೆರಕೆಯೂ ಆಗಿತ್ತು. ಭಾನುವಾರ ಕಲಬುರಗಿಯಲ್ಲಿ ಬಸ್ಸು ಬದಲಿಸಿ ಆಳಂದಕ್ಕೆ ಹೋಗಿ ನನ್ನ ಗೆಳತಿಗೆ ಓದಿ ತೋರಿಸಿದೆ. ಅವಳು ಆಗ ಅಲ್ಲಿನ ಶಾಲೆಯಲ್ಲಿ ಹಾಡು ಕಲಿಸುತ್ತಿದ್ದಳು. ಅಪ್ಪನ ಲಿಂಗಪೂಜೆಯ ಹೊತ್ತಿಗೆ ದಿನಾ ವಚನ ಹಾಡುತ್ತ ಬೆಳೆದ ದನಿ ಅವಳದು. ಕಲಬುರಗಿಯಲ್ಲಿ ಓದುವಾಗ ಒಂದೇ ಕೋಣೆಯಲ್ಲಿ ಇದ್ದವರು ನಾವು.

ಅವಳು ನಗಲೂ ಇಲ್ಲ. "ನಿನ್ನ ಎದಿ ಒಡದ್ರ ನೀ ಡೋರು, ಲಾಕು ಅಂತ ಅಳ್ತಿ ಏನ ಬೇ?" ಎಂದಳು.

"ಮತ್ತ ಇಂಗ್ಲಿಷ್ ಬೇಕಂತಾರ."

"ಬೇಕಂದ್ರ ಇರೂ ಜಾಗಾದಾಗ ತಗೋ. ಎದಿಗೆ ಎದಿ ಅಂತೇವಿ. ಹಾರ್ಟ್ ಅಂದ್ರ ನನಗ ದವಾಖಾನಿ ನೆಪ್ಪಾಗ್ತದ."

ಆ ಮಾತಿನಿಂದ ನಮ್ಮ ಕೆಲಸ ಶುರುವಾಯಿತು. ಬಸ್ಸಿನಲ್ಲಿ, ಕಾಲೇಜಿನ ಮೆಟ್ಟಿಲ ಮೇಲೆ, ಅವಳ ಶಾಲೆಯ ಸ್ಟಾಫ್ ರೂಮಿನಲ್ಲಿ ಹರೆಯದವರು ಹೇಗೆ ಮಾತಾಡುತ್ತಾರೆಂದು ಕಿವಿಗೊಟ್ಟು ಕೇಳತೊಡಗಿದೆವು. ಫೋನು, ಕಾಲೇಜು, ಆಫೀಸಿಗೆ ಸೇರಿದ್ದೆಲ್ಲ ಇಂಗ್ಲಿಷಿನಲ್ಲಿ ಬರುತ್ತಿತ್ತು. ಆದರೆ ಆ ಶಬ್ದಗಳು ಬಿಡಿಯಾಗಿ ನಿಲ್ಲುತ್ತಿರಲಿಲ್ಲ. ಬ್ಲಾಕ್ ಮಾಡಿದ, ಫೀಲ್ ಆತು, ಗ್ರೂಪಿನ್ಯಾಗ ಹಾಕ್ದ ಎಂದು ಕನ್ನಡದ ಕ್ರಿಯಾಪದವನ್ನೋ ವಿಭಕ್ತಿಯನ್ನೋ ಹಿಡಿದುಕೊಂಡೇ ನಡೆಯುತ್ತಿದ್ದವು. ಬೈಯುವಾಗ, ಬೇಡುವಾಗ, ಹಟ ಮಾಡುವಾಗ ಒಂದೂ ಇಂಗ್ಲಿಷ್ ಶಬ್ದ ಇರುತ್ತಿರಲಿಲ್ಲ. ನನ್ನ ಮೊದಲ ಸಾಲು ಯಾಕೆ ಸತ್ತಿತ್ತೆಂದು ಆಗ ತಿಳಿಯಿತು. ಬಾಗಿಲು, ಬೀಗ ಎಂಬ ಹಳೇ ಕನ್ನಡ ಕಲ್ಪನೆಗೆ ನಾನು ಇಂಗ್ಲಿಷ್ ಅಂಗಿ ತೊಡಿಸಿದ್ದೆ. ಹಾಗೆ ಯಾರೂ ಮಾತಾಡುವುದಿಲ್ಲ.

"ಇನ್ನೊಂದು ನೋಡು," ಎಂದಳು ಅವಳು ಒಂದು ದಿನ. "ಸುಳ್ಳ ಹೇಳೂಮುಂದ ಎಲ್ಲಾರೂ ಇಂಗ್ಲಿಷಿಗೆ ಹೋಗ್ತಾರ. ಬಿಜಿ ಇದ್ದೆ. ಸಾರಿ. ನೆಟ್‌ವರ್ಕ್ ಇರಲಿಲ್ಲ."

ಅವಳಿಗೆ ಅದು ಯಾರಿಂದ ಗೊತ್ತಾಗಿತ್ತೆಂದು ನನಗೆ ಗೊತ್ತಿತ್ತು. ಆ ವರ್ಷ ಅವಳನ್ನು ನೋಡಿ ಹೋಗಿದ್ದ ಗಂಡೊಬ್ಬ ಮೊದಮೊದಲು ದಿನವೆಲ್ಲ ಮೆಸೇಜ್ ಮಾಡುತ್ತಿದ್ದವನು ಈಗ ತಣ್ಣಗಾಗಿದ್ದ. ಅವನ ಮನೆಯವರು ಹೂಂ ಎಂದೂ ಹೇಳಿರಲಿಲ್ಲ, ಉಹೂಂ ಎಂದೂ ಹೇಳಿರಲಿಲ್ಲ. ನಾವಿಬ್ಬರೂ ಅವಳ ಅಡುಗೆಮನೆಯಲ್ಲಿ ರೊಟ್ಟಿ ತಿನ್ನುತ್ತ ಕೂತಿದ್ದಾಗ ಅವಳು ಫೋನ್ ಎತ್ತಿ ನೋಡಿದಳು, ನೋಡುತ್ತಲೇ ಇದ್ದಳು, ಆಮೇಲೆ ಕೆಳಗಿಟ್ಟಳು.

"ಏನಾತು?"

"ಟೈಪಿಂಗ್ ಅಂತ ಬಂತು, ಮತ್ತ ಹೋತು."

ಫೋನನ್ನೇ ಕೇಳುವಂತೆ, "ಏನ ಹೇಳಾಂವ ಇದ್ದೀ?" ಎಂದಳು.

ಎರಡೂ ಸಾಲು ಟ್ಯೂನಿನ ಮೇಲೆ ಹೋಗಿ ಕೂತವು. "ಇದನ್ನ ಹಾಡಿಗಿ ಹಾಕ್ಲೇನು?" ಎಂದು ಕೇಳಿದೆ. "ಹಾಕು. ಅಂವಗಂತೂ ಉಪಯೋಗ ಆಗಲಿಲ್ಲ" ಎಂದಳು.

ಅಂದಿನಿಂದ ಅವಳೇ ಹಾಡಿ ಹಾಡಿ ನೋಡುವಳು, ನಾನು ತಿದ್ದುವೆ. ಪಲ್ಲವಿಯ ಕೊನೆಯ ಸ್ವರವನ್ನು ಉದ್ದಕ್ಕೆ ಎಳೆಯಬೇಕಿತ್ತು. ನಾನು ಒಮ್ಮೆ ಅಲ್ಲಿ "ಸ್ಟಾಪ್" ಎಂದು ಇಟ್ಟಿದ್ದೆ. "ಬಾಯಿ ಮುಚ್ಚಿ ಹ್ಯಾಂಗ ಎಳೀಲಿ? ಕೊನಿಗೆ ಖುಲ್ಲಾ ಅಕ್ಷರ ಕೊಡು" ಎಂದಳು. ಇಂಗ್ಲಿಷ್ ಶಬ್ದಗಳು ಹೆಚ್ಚಾಗಿ ವ್ಯಂಜನದಲ್ಲಿ ಮುಗಿದು ದನಿಯನ್ನು ಕತ್ತರಿಸುತ್ತವೆ. ನಮ್ಮವು ಸ್ವರದಲ್ಲಿ ಮುಗಿಯುತ್ತವೆ. ಹಾಗಾಗಿ ಇಂಗ್ಲಿಷನ್ನು ಸಾಲಿನ ಮೊದಲಿಗೋ ನಡುವಿಗೋ ಸರಿಸಿ ಎಳೆತವನ್ನು ಕನ್ನಡಕ್ಕೆ ಬಿಟ್ಟೆವು. "ಟೈಪಿಂಗ್ ಅಂತ" ಎಂಬುದರಲ್ಲಿ ಆ ಮೊಂಡು ಕೊನೆ 'ಅಂತ'ದ ಅಕಾರವನ್ನು ಕೂಡಿಕೊಂಡು ಹರಿಯುತ್ತದೆ. "ಹೋತು" ಎಂಬಲ್ಲಿ ಓಕಾರ ಎಷ್ಟು ಬೇಕಾದರೂ ನಿಲ್ಲುತ್ತದೆ. "ರಿಪ್ಲೈ" ಎಂಬ ಶಬ್ದ ಬಹಳ ದಿನ ಕಾಡಿತು. ಮಾತಿನಲ್ಲಿ ಒತ್ತು ಅದರ ಎರಡನೆಯ ಭಾಗದ ಮೇಲೆ. ತಾಳದ ಪೆಟ್ಟಿಗೆ "ರಿ" ಸಿಕ್ಕರೆ ಮಕ್ಕಳು ಸ್ಪೆಲ್ಲಿಂಗ್ ಉರು ಹೊಡೆದಂತೆ ಕೇಳುತ್ತಿತ್ತು. ಅದಕ್ಕಿಂತ ಮೊದಲು "ನಿನ್ನ" ಎಂದು ಸೇರಿಸಿ, ಪೆಟ್ಟು "ಪ್ಲೈ" ಮೇಲೆ ಬೀಳುವಂತೆ ಮಾಡಿದೆವು. ಚರಣದಲ್ಲಿ ಗಂಡಿನ ನೆಪಗಳನ್ನೆಲ್ಲ ಇಂಗ್ಲಿಷಿಗೆ ಬಿಟ್ಟು ಹೆಣ್ಣಿನ ಪ್ರಶ್ನೆಯನ್ನು ಕನ್ನಡದಲ್ಲಿಟ್ಟೆವು: "ಬಿಜಿ ಇದ್ದೆ, ಸಾರಿ ಅಂದಿ, ಖರೇ ಹೇಳಾಕ ಏನಾಗಿತ್ತು?" ಒಂದು ಶಬ್ದವನ್ನೂ ತುರುಕಬೇಕಾಗಿ ಬರಲಿಲ್ಲ.

ಗೆಳತಿಯ ಅಡುಗೆಮನೆಯಲ್ಲಿ ಅವಳ ದನಿಯಲ್ಲೇ ಮೊಬೈಲಿನಲ್ಲಿ ಮುದ್ರಿಸಿ ನಿರ್ದೇಶಕನಿಗೆ ಕಳಿಸಿದೆವು. ಮರುದಿನ ಅವನ ಫೋನ್ ಬಂತು.

"ಸೂಪರ್ ಮೇಡಂ. ಟೈಪಿಂಗ್ ಐಡಿಯಾ ಮಸ್ತಾಗಿದೆ. ಇಂಗ್ಲಿಷ್ ಎಲ್ಲ ನ್ಯಾಚುರಲ್ ಆಗಿ ಕೂತಿದೆ. ಬಟ್ ಕನ್ನಡ ಸ್ವಲ್ಪ ಚೇಂಜ್ ಮಾಡ್ಬೇಕು."

"ಕನ್ನಡಕ್ಕ ಏನಾಗ್ಯದ?"

"ಹೇಳಾಂವ, ಹೋತು, ಇದೆಲ್ಲ ಬೇಡ. ನಮ್ಮ ಆಡಿಯೆನ್ಸ್‌ಗೆ ಇದು ಕಾಮಿಡಿ ಥರ ಕೇಳ್ಸತ್ತೆ. ಸ್ಯಾಡ್ ಸಾಂಗ್ ಅಲ್ವಾ?"

ನಾನು ಮೆಲ್ಲಗೆ ವಾದಿಸಿ ನೋಡಿದೆ. ನಮ್ಮಲ್ಲಿ "ಮತ್ತ ಹೋತು" ಅಂದರೆ ಬಂದು ಆಮೇಲೆ ಹೋಯಿತು ಎಂದರ್ಥ. ಅದನ್ನು "ಮತ್ತೆ ಹೋಯ್ತು" ಮಾಡಿದರೆ ಎರಡನೇ ಸಲ ಹೋಯಿತು ಎಂದಾಗುತ್ತದೆ. "ಆಮೇಲೆ" ಎಂದರೆ ಟ್ಯೂನಿಗೆ ಒಂದಕ್ಷರ ಹೆಚ್ಚು. "ಹೋಯ್ತು"ವಿನ ಯಕಾರ ಎಳೆಯುವ ದನಿಯ ಬಾಯಿ ಅರ್ಧ ಮುಚ್ಚಿಸುತ್ತದೆ. "ಹೇಳಾಂವ ಇದ್ದೀ" ಬದಲು "ಹೇಳ್ಬೇಕಂತಿದ್ದೆ" ಎಂದರೆ ಆ ಸ್ವರಗಳಲ್ಲಿ ಬರೀ ಸಿಕ್ಕು. ಅವನು ಎಲ್ಲವನ್ನೂ ಕೇಳಿಸಿಕೊಂಡು, "ಅದೆಲ್ಲ ಸಿಂಗರ್ ಮ್ಯಾನೇಜ್ ಮಾಡ್ತಾರೆ ಬಿಡಿ" ಎಂದ. ಇಂಗ್ಲಿಷ್ ಎಲ್ಲಿಯದಾದರೂ ಅವನಿಗೆ ಅಭ್ಯಂತರ ಇರಲಿಲ್ಲ. ಕನ್ನಡ ಮಾತ್ರ ಅವನ ಕಡೆಯದೇ ಆಗಬೇಕಿತ್ತು.

ನಾನು ಬದಲಿಸಿ ಕೊಟ್ಟೆ. ಹಾಡು ಹೊರಗೆ ಬರಲಿ ಎಂಬ ಆಸೆ ನನಗೆ ಬಹಳ ಇತ್ತು. ಗೆಳತಿ ಹೊಸ ಸಾಲುಗಳನ್ನು ಒಮ್ಮೆ ಗುನುಗಿ ಬಿಟ್ಟಳು. "ಇದು ನನ್ನ ಬಾಯಾಗ ಹೊರಡೂದಿಲ್ಲ. ಅವರ ಮಂದಿ ಕಡಿಂದನ ಹಾಡಸ್ಲಿ" ಎಂದಳಷ್ಟೆ. ಹಾಡಿದವಳು ಬೆಂಗಳೂರಿನವಳು, ಒಳ್ಳೆಯ ದನಿ. ಹಾಡು ಒಂದು ಮಟ್ಟಿಗೆ ಓಡಿತು. ನನ್ನ ಹೆಸರೂ ಇತ್ತು. ನನ್ನ ಕಾಲೇಜಿನ ಹುಡುಗಿಯರು ವರಾಂಡದಲ್ಲಿ "ಮತ್ತೆ ಹೋಯ್ತು" ಎಂದು ಹಾಡಿಕೊಂಡು ಓಡಾಡಿದರು. ಮನೆಯಲ್ಲಿ ಒಂದು ದಿನವೂ ಹಾಗೆ ಮಾತಾಡದ ಹುಡುಗಿಯರು.

ಕೆಲ ವಾರಗಳ ಮೇಲೆ ಅವರಲ್ಲೊಬ್ಬಳು ಸ್ಟಾಫ್ ರೂಮಿಗೆ ಬಂದು, "ಮ್ಯಾಡಮ್ರಿ, ನಿಮ್ಮ ಹಾಡು ನಮ್ಮ ಭಾಷಾದಾಗ ಬಂದದ ನೋಡ್ರಿ" ಎಂದು ಫೋನ್ ಹಿಡಿದಳು. ಸಣ್ಣ ವಿಡಿಯೋ. ನಟನೊಬ್ಬ ತಲೆಗೆ ಎಣ್ಣೆ ಸುರಿದುಕೊಂಡು ಸೀರೆ ಉಟ್ಟು, ಫೋನ್ ನೋಡಿ ಎದೆ ಬಡಿದುಕೊಳ್ಳುತ್ತಿದ್ದ. ಹಿಂದಿನಿಂದ ಬರುತ್ತಿದ್ದುದು ನನ್ನ ಗೆಳತಿಯ ದನಿ. ಅಡುಗೆಮನೆಯಲ್ಲಿ ಮುದ್ರಿಸಿದ್ದು. "ಏನ ಹೇಳಾಂವ ಇದ್ದೀ" ಎಂಬ ಸಾಲು ಮುಗಿದ ಕೂಡಲೇ ನಗುವಿನ ಸದ್ದು ಸೇರಿಸಿದ್ದರು. ಹುಡುಗಿಯೂ ನಗುತ್ತಿದ್ದಳು. ನನ್ನ ಮುಖ ನೋಡಿ ನಿಲ್ಲಿಸಿದಳು.

ನಿರ್ದೇಶಕನಿಗೆ ಫೋನ್ ಹಚ್ಚಿದೆ. ಎತ್ತಲಿಲ್ಲ. ಸಂಜೆ ಅವನೇ ಮಾಡಿದ.

"ಸಾರಿ ಮೇಡಂ, ಬಿಜಿ ಇದ್ದೆ. ಅದು ಜಸ್ಟ್ ಫನ್. ಪ್ರಮೋಷನ್‌ಗೆ ನಮ್ಮ ಹುಡುಗ್ರು ಮಾಡಿದ್ದು. ನೋಡಿ, ಒರಿಜಿನಲ್‌ಗಿಂತ ಜಾಸ್ತಿ ಹೋಗ್ತಾ ಇದೆ."

"ಆಕಿ ನಿಮಗ ಅದಕ್ಕ ಕೊಟ್ಟಿದ್ದಿಲ್ಲ. ತಗೀರಿ ಅದನ್ನ."

"ಯಾರಿಗೂ ಅವರು ಯಾರು ಅಂತ ಗೊತ್ತಾಗಲ್ಲ ಮೇಡಂ."

ಗೊತ್ತಾಗಬೇಕಾದವನಿಗೆ ಗೊತ್ತಾಗಿತ್ತು. ನಿರ್ದೇಶಕ ತೆಗೆಯುವ ಹೊತ್ತಿಗೆ ವಿಡಿಯೋ ಎಲ್ಲರ ಗ್ರೂಪುಗಳಲ್ಲಿ ಸುತ್ತಾಡಿ ಮುಗಿದಿತ್ತು. ಆಳಂದಕ್ಕೆ ಹೋದೆ. ಗೆಳತಿ ಬಾಗಿಲಲ್ಲೇ ನಿಂತು ತನ್ನ ಫೋನನ್ನು ನನ್ನ ಕೈಗೆ ಕೊಟ್ಟಳು. ತಿಂಗಳುಗಟ್ಟಲೆ ಸುಮ್ಮನಿದ್ದ ಆ ಗಂಡು ಕೊನೆಗೂ ಮೆಸೇಜ್ ಮಾಡಿದ್ದ. ಅದೇ ವಿಡಿಯೋ, ಕೆಳಗೆ ನಗುವ ಮುಖಗಳು ಸಾಲಾಗಿ, ಅದರ ಕೆಳಗೆ, "ನಿನ್ನ ವಾಯ್ಸ್ ಅಲ್ಲಾ ಇದು?"

"ನನಗ ಗೊತ್ತಿದ್ದಿಲ್ಲ," ಎಂದೆ.

"ಗೊತ್ತದ, ನಿನಗ ಗೊತ್ತಿದ್ದಿಲ್ಲ ಅಂತ," ಎಂದಳು. "ಆದ್ರ ಆ ಬೆಂಗಳೂರಾಂವ ನಮ್ಮ ಮಾತು ನಗಿಚಾಟಿಗಿ ಅಂದಾಗ ನೀ ಬದಲ ಮಾಡಿ ಕೊಟ್ಟಿ. ನೀನೂ ಹೌದಂದಂಗ ಆತಲ್ಲ."

ಅವಳು ಫೋನ್ ವಾಪಸು ತೆಗೆದುಕೊಂಡು ಶಾಲೆಗೆ ಹೊತ್ತಾಯಿತೆಂದು ಹೊರಟಳು.

ಆಮೇಲೆ ನಿರ್ದೇಶಕನಿಂದ ಇನ್ನೊಂದು ಕರೆ ಬಂತು. ವಿಡಿಯೋ ಅಷ್ಟು ಓಡಿದ್ದರಿಂದ ಈ ಸಲ ಪೂರ್ತಿ "ನಿಮ್ಮ ಕಡೆ ಭಾಷೇಲೇ" ಒಂದು ಕಾಮಿಡಿ ಹಾಡು ಬೇಕಂತೆ, ಇಂಗ್ಲಿಷನ್ನು ತಪ್ಪು ತಪ್ಪಾಗಿ ಬೆರೆಸಿ. ಒಲ್ಲೆನೆಂದೆ. ಬೇರೆ ಯಾರೋ ಬರೆದುಕೊಟ್ಟರು. ನಮ್ಮ ಕಡೆಯವರು ಹೇಳದ ತಪ್ಪುಗಳೆಲ್ಲ ಅದರಲ್ಲಿ ಇದ್ದವು. ಅದೂ ಓಡಿತು. ನಾನು ಹಾಡು ಬರೆಯುವುದನ್ನು ಬಿಟ್ಟೆ. ಈಗಲೂ ಬಸ್ಸಿನಲ್ಲಿ ಯಾರದೋ ಮಾತಿನೊಳಗೆ ಒಂದು ಇಂಗ್ಲಿಷ್ ಶಬ್ದ ಸರಿಯಾಗಿ ಕೂತದ್ದು ಕಿವಿಗೆ ಬಿದ್ದರೆ ಸಂತೋಷಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ಗೆಳತಿಗೆ ಅಫಜಲಪುರದ ಕಡೆ ಬೇರೆ ಸಂಬಂಧ ಕೂಡಿಬಂತು. ಮದುವೆಗೆ ನನ್ನನ್ನು ಕರೆಯಲಿಲ್ಲ. ಕಳೆದ ವರ್ಷ ಅವಳ ಮಗಳ ತೊಟ್ಟಿಲ ಕಾರ್ಯಕ್ಕೆ ಕರೆದದ್ದು ಅವಳ ತಾಯಿ. ಹೆಂಗಸರೆಲ್ಲ ಜೋಗುಳ ಹಾಡುತ್ತಿದ್ದರು, ಅವಳೊಬ್ಬಳು ಬಾಯಿ ತೆರೆಯಲಿಲ್ಲ. ನನ್ನನ್ನು ಕಂಡು ಎದ್ದು ಬಂದು, ಪರಿಚಯವಿಲ್ಲದವರಿಗೆ ಹೇಳುವಂತೆ ಅಚ್ಚುಕಟ್ಟಾಗಿ, "ಬರ್ರಿ, ಕೂಡ್ರಿ. ಬಸ್ಸು ಲಗೂನ ಸಿಕ್ತೇನ್ರಿ?" ಎಂದಳು.

"ಸಿಕ್ತು," ಎಂದೆ.

"ಚಹಾ ತರಸ್ತೇನ್ರಿ," ಎಂದು ಒಳಗೆ ಹೋದಳು. ಚಹಾ ತಂದು ಕೊಟ್ಟದ್ದು ಅವಳ ನಾದಿನಿ.