ತುಂಬಿದಂತೆ ಕಾಣುತ್ತಿದ್ದ ಖಾಲಿ ಬಾಕ್ಸು

ಕಮಲಾಪುರದಿಂದ ಫೋನು ಬಂದಾಗ ನಾನು ಊಟಕ್ಕೆ ಕೂತಿದ್ದೆನೋ, ಮುಗಿಸಿ ಎದ್ದಿದ್ದೆನೋ, ಈಗ ಖಚಿತವಿಲ್ಲ. ಡೈರಿಯಲ್ಲಿ ಬರೆದಿರುವುದು ಒಂದೇ ಸಾಲು: ‘ಅಕ್ಕ ಸಿಟ್ಟಿನಲ್ಲಿದ್ದಾರೆ, ಕಾರಣ ಇದೆ.’ ಉಳಿದದ್ದನ್ನು ನೆನಪಿನಿಂದಲೇ ಬರೆಯುತ್ತಿದ್ದೇನೆ.

ಕಲಬುರಗಿಯಲ್ಲಿ ಶರಣಬಸವೇಶ್ವರ ದೇವಸ್ಥಾನದ ಹತ್ತಿರ ಒಂದು ಮಹಡಿಯ ಮೇಲೆ ನಮ್ಮ ಕಚೇರಿ. ಇರುವವರು ಇಬ್ಬರೇ, ನಾನು ಮತ್ತು ನನ್ನ ಸಹೋದ್ಯೋಗಿ. ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕೆಲಸ. ಊರಿನ ಒಂದು ಹೊಲಿಗೆ ತರಬೇತಿ ಸಂಸ್ಥೆಗೆ ಆನ್‌ಲೈನ್ ಅರ್ಜಿಯ ಪುಟ ಮಾಡಿಕೊಟ್ಟಿದ್ದೆವು. ನಾವು ಅಕ್ಕ ಎಂದು ಕರೆಯುವವರು ಕಮಲಾಪುರದ ಬಸ್‌ಸ್ಟ್ಯಾಂಡಿನ ಬಳಿ ಆನ್‌ಲೈನ್ ಸೆಂಟರ್ ನಡೆಸುತ್ತಾರೆ. ಸುತ್ತಲಿನ ಹಳ್ಳಿಯವರ ಅರ್ಜಿಗಳನ್ನೆಲ್ಲ ಅವರೇ ತುಂಬುವುದು.

“ನೋಡ್ರಿ ಮೇಡಂ, ನಮ್ಮ ಓಣಿ ಹೆಣ್ಮಗಳು ಒಬ್ಬಾಕಿ ಅರ್ಜಿ ಹಾಕ್ಯಾಳ. ಸಂದರ್ಶನದ ಫೋನು ಆಕಿಗೆ ಬರಲಿಲ್ಲ, ಬ್ಯಾರೆದಾಕಿಗೆ ಹೋಗ್ಯಾದ. ನಾನೇ ಬೇಕಂತ ನಂಬರ್ ತಪ್ಪ ಹಾಕೀನಿ ಅಂತ ಓಣಿ ತುಂಬಾ ಹೇಳಾಕತ್ತಾಳ. ನನ್ನ ಕೈ ತಪ್ಪಿಲ್ರಿ,” ಎಂದರು ಅಕ್ಕ ಫೋನಿನಲ್ಲಿ.

ಸಂಸ್ಥೆಯವರನ್ನು ಕೇಳಿದೆ. ಶುಕ್ರವಾರದೊಳಗೆ ಅರ್ಜಿಯನ್ನು ಮತ್ತೆ ಹಾಕಿದರೆ ಆ ಹೆಂಗಸನ್ನು ಸಂದರ್ಶನಕ್ಕೆ ಕರೆಯುತ್ತೇವೆ, ಆಮೇಲೆ ಆಗುವುದಿಲ್ಲ ಎಂದರು. ಕಮಲಾಪುರದಿಂದ ಬಂದ ಬೇರೆ ಅರ್ಜಿಗಳಲ್ಲೂ ಒಂದೇ ನಂಬರು ಮತ್ತೆ ಮತ್ತೆ ಬಂದಿದೆ ಎಂದೂ ಹೇಳಿದರು.

“ಅದ್ರಾಗ ತಿಳ್ಕೊಳ್ಳೋದೇನದ? ಅಲ್ಲಿ ಕೂತಾಕಿ ನೋಡದೇ ಒತ್ತಾಕತ್ತಾಳ, ಅಷ್ಟೇ,” ಎಂದ ನನ್ನ ಸಹೋದ್ಯೋಗಿ.

ನನಗೆ ಹಾಗನ್ನಿಸಲಿಲ್ಲ. ಅಜಾಗರೂಕತೆಯಾಗಿದ್ದರೆ ಅಂಕಿ ಹೆಚ್ಚುಕಮ್ಮಿ ಆಗಬೇಕಿತ್ತು, ಇನ್ನೊಬ್ಬರ ನಂಬರು ಪೂರ್ತಿಯಾಗಿ, ಸರಿಯಾಗಿ ಬರುವುದು ಹೇಗೆ? ಮರುದಿನ ಬೆಳಿಗ್ಗೆ ಹುಮನಾಬಾದ್ ಕಡೆಯ ಬಸ್ಸು ಹಿಡಿದೆ.

ಅಕ್ಕನ ಅಂಗಡಿಯ ಬಾಗಿಲು ಸದಾ ತೆರೆದಿರುತ್ತದೆ. ಎದುರಿನ ಗಾಡಿಯಲ್ಲಿ ಕೆಂಪು ಬಾಳೆಹಣ್ಣು, ಅದರಾಚೆ ರಸ್ತೆಯ ಬಿಸಿಲು. ಆ ಬೆಳಕು ನೇರವಾಗಿ ಕಂಪ್ಯೂಟರ್ ಪರದೆಯ ಮೇಲೆ ಬೀಳುತ್ತಿತ್ತು. ನಮ್ಮ ಕಚೇರಿಯಲ್ಲಿ ನಾವು ಯಾವಾಗಲೂ ಕಿಟಕಿಯ ಪರದೆ ಎಳೆದು ಕೂರುತ್ತೇವೆ. ಆ ಹೆಂಗಸೂ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದರು, ಅಕ್ಕನ ಕಡೆ ನೋಡದೆ.

“ನಾನು ಏನೂ ಮಾತಾಡಲ್ಲ ಅಕ್ಕಾ. ನೀವು ದಿನಾ ಹೆಂಗ ಮಾಡ್ತೀರೋ ಹಂಗೇ ಮಾಡ್ರಿ. ಕಡೀಕ ಕಳಿಸೋ ಬಟನ್ ಮಾತ್ರ ಒತ್ತಬ್ಯಾಡ್ರಿ,” ಎಂದೆ.

“ಪರೀಕ್ಷಾ ತಗೊಳ್ಳಾಕ ಬಂದೀರೇನು? ನಪಾಸಾದ್ರ ಚಾ ನಿಮ್ಮದು.”

ಅವರು ಹೆಸರನ್ನು ತಾವೇ ಟೈಪ್ ಮಾಡಿದರು. ವಿಳಾಸದ ಬಾಕ್ಸಿಗೆ ಬಂದು ಎರಡಕ್ಷರ ಒತ್ತುತ್ತಿದ್ದಂತೆ ಬ್ರೌಸರ್ ಕೆಳಗೆ ಹಳೆಯ ವಿಳಾಸವೊಂದನ್ನು ತೋರಿಸಿತು. ಅದನ್ನೇ ಆರಿಸಿದರು. ಓಣಿ ಒಂದೇ ಆದ್ದರಿಂದ ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬ್ರೌಸರ್ ವಿಳಾಸ ತುಂಬಿ ಸುಮ್ಮನಾಗುವುದಿಲ್ಲ. ಆ ವಿಳಾಸದ ಜೊತೆ ಯಾರ ಫೋನ್ ನಂಬರು ನೆನಪಿಟ್ಟುಕೊಂಡಿದೆಯೋ, ಅದನ್ನೂ ಕೆಳಗಿನ ಖಾಲಿ ಬಾಕ್ಸಿಗೆ ಹಾಕಿಬಿಡುತ್ತದೆ. ಹಾಕಿತು. ಅಕ್ಕನಿಗೆ ಕಾಣಲಿಲ್ಲ. ಮೊದಲ ಸಲ ನನಗೂ ಕಾಣಲಿಲ್ಲ, ಇನ್ನೊಮ್ಮೆ ಮಾಡಿಸಿದಾಗ ಕಂಡಿತು.

“ಫೋನ್ ನಂಬರ್ ಬಾಕ್ಸ್ ನೋಡಲಿಲ್ಲಲ್ಲ ಅಕ್ಕಾ?”

“ಅದ್ರಾಗ ಯಾವಾಗಲೂ ಏನರೇ ನಂಬರ್ ಇದ್ದೇ ಇರ್ತದಲ್ರಿ. ಖಾಲಿ ಉಳದ್ರ ಕಡೀಕ ಕೆಂಪಗಾಗಿ ಬೊಗಳ್ತದ. ಬೊಗಳಿದ ಮ್ಯಾಲ ತುಂಬ್ತೀನಿ. ಬೊಗಳಲಿಲ್ಲಂದ್ರ ಎಲ್ಲಾ ತುಂಬ್ಯಾದ ಅಂತ ಅರ್ಥ.”

ಅವರು ಹೇಳಿದ್ದು ಸರಿ. ಖಾಲಿ ಬಾಕ್ಸಿನೊಳಗೆ ಉದಾಹರಣೆಗೆಂದು ನಾವು ಒಂದು ಸುಳ್ಳು ನಂಬರು ಇಟ್ಟಿದ್ದೆವು. ಮೊದಲು ಅದು ತೆಳು ಬೂದು ಬಣ್ಣದಲ್ಲಿತ್ತು, ಓದಲಾಗುವುದಿಲ್ಲ ಎಂದು ಸಂಸ್ಥೆಯವರು ದೂರಿದರು. ಕಪ್ಪಗೆ ಮಾಡಿದೆವು. ಓದಲು ಬಂತು. ಆದರೆ ಟೈಪ್ ಮಾಡಿದ ಅಕ್ಷರಕ್ಕೂ ಅದಕ್ಕೂ ವ್ಯತ್ಯಾಸ ಉಳಿಯಲಿಲ್ಲ. ತಾನೇ ತುಂಬಿದ ಬಾಕ್ಸಿಗೆ ಬ್ರೌಸರ್ ತಿಳಿನೀಲಿ ಹಿನ್ನೆಲೆ ಕೊಡುತ್ತದೆ. ನಮ್ಮ ಪುಟದಲ್ಲಿ ಅದೂ ಇರಲಿಲ್ಲ, ಏಕೆಂದರೆ ನಾವೇ ಮುಚ್ಚಿದ್ದೆವು. ಹಿನ್ನೆಲೆ ಬದಲಿಸು ಎಂದರೆ ಬ್ರೌಸರ್ ಕೇಳುವುದಿಲ್ಲ. ಹಾಗಾಗಿ ಬಾಕ್ಸಿನ ಒಳಭಾಗವನ್ನೆಲ್ಲ ತುಂಬುವಷ್ಟು ದೊಡ್ಡ ಬಿಳಿ ನೆರಳು ಹಾಕಿ ನೀಲಿಯನ್ನು ಮರೆಮಾಡಿದ್ದೆವು. ಆ ನೀಲಿ ಪುಟದ ಅಂದ ಕೆಡಿಸುತ್ತದೆ ಎಂದು ಮೊದಲು ಹೇಳಿದವರು ಯಾರು? ಸಹೋದ್ಯೋಗಿ ಎಂದು ನನ್ನ ನೆನಪು. ನಾನೇ ಎಂದು ಅವನ ನೆನಪು. ಅವನ ಮಾತನ್ನು ತಳ್ಳಿಹಾಕುವಷ್ಟು ನಂಬಿಕೆ ನನ್ನ ನೆನಪಿನ ಮೇಲೆ ನನಗಿಲ್ಲ.

ಕಳಿಸುವ ಮೊದಲು ಎಲ್ಲವನ್ನೂ ಒಮ್ಮೆ ತೋರಿಸುವ ಪುಟವೊಂದಿತ್ತು. ತಿದ್ದಲಾಗದಂತೆ ಬಾಕ್ಸುಗಳಿಗೆ ಬೀಗ ಹಾಕಿ, ಬೀಗ ಹಾಕಿದ್ದು ಗೊತ್ತಾಗಲಿ ಎಂದು ಇಡೀ ಬಾಕ್ಸನ್ನೇ ಮಸುಕಾಗಿಸಿದ್ದೆವು. ಅಕ್ಕ ಆ ಪುಟ ತೆರೆದರು. ಬಾಗಿಲ ಬೆಳಕಿನಲ್ಲಿ ಪರದೆ ಬರೀ ಬೆಳ್ಳಗೆ ಕಂಡಿತು.

“ಇಲ್ಲೇ ನೋಡಬೇಕಿತ್ತಲ್ಲ ಅಕ್ಕಾ?”

“ಏನ್ ನೋಡ್ಲಿ? ನೀವರೇ ಓದ್ರಿ ನೋಡೋಣು.”

ಮೂಗು ಪರದೆಗೆ ತಾಗುವಷ್ಟು ಬಗ್ಗಿದೆ. ಅಂಗೈ ಅಡ್ಡ ಹಿಡಿದ ಮೇಲೆ ನಂಬರು ಕಂಡಿತು. ಓದಿ ಹೇಳಿದೆ. ಬೆಂಚಿನಲ್ಲಿದ್ದ ಹೆಂಗಸು ಎದ್ದು ಬಂದರು.

“ಅದು ನಂದಲ್ರಿ! ಮೂಲಿಮನಿಯಾಕಿದು. ಆಕಿ ಮೊನ್ನೆ ಇಲ್ಲೇ ಬಂದು ಅರ್ಜಿ ಹಾಕ್ಯಾಳ.”

“ಈಗರೇ ಕಣ್ಣಿಗೆ ಬಿತ್ತಾ? ಓಣಿ ತುಂಬಾ ಡಂಗುರ ಹೊಡದು ಬಂದಿ,” ಎಂದರು ಅಕ್ಕ.

“ಹೊಡೀಲಾರದೇ ಏನ್ ಮಾಡ್ಲಿ? ಸಂದರ್ಶನ ಹೋಯ್ತಂದ್ರ ನೀ ಕೊಡ್ತೀಯೇನು?”

ನಾನು ಅಲ್ಲೇ ಲ್ಯಾಪ್‌ಟಾಪ್ ತೆರೆದು, ಸಹೋದ್ಯೋಗಿಗೆ ಫೋನು ಹಚ್ಚಿ ಕೆಲಸ ಶುರುಮಾಡಿದೆ. ಉದಾಹರಣೆಯ ನಂಬರನ್ನು ಬಾಕ್ಸಿನಿಂದ ಹೊರತೆಗೆದು ಕೆಳಗೆ ಸಣ್ಣ ಸಾಲಾಗಿಸಿದೆವು. ಏನು ತುಂಬಬೇಕು ಎಂಬ ಶೀರ್ಷಿಕೆ ಬಾಕ್ಸಿನ ಮೇಲೆ ಕೂತಿತು. ಖಾಲಿ ಬಾಕ್ಸು ಈಗ ನಿಜಕ್ಕೂ ಖಾಲಿಯಾಗಿ ಕಾಣುತ್ತಿತ್ತು. ಬಿಳಿ ನೆರಳಿನ ಬದಲು ತಿಳಿಹಳದಿ ನೆರಳು ಬಂತು, ಅದರ ಮೇಲೆ ಅಕ್ಷರ ಕಪ್ಪಗೇ ಇರುವಂತೆ ಹೇಳಿದೆವು. ಬಣ್ಣ ಎಲ್ಲರ ಕಣ್ಣಿಗೂ ಒಂದೇ ತರ ಬೀಳುವುದಿಲ್ಲ. ಅದಕ್ಕೇ ಬ್ರೌಸರ್ ತುಂಬಿದಾಗ ಮಾತ್ರ ಬಾಕ್ಸಿನ ಕೆಳಗೆ ಕಾಣುವ ಸಾಲೊಂದನ್ನೂ ಸೇರಿಸಿದೆವು: ‘ಇದು ತಾನಾಗಿ ತುಂಬಿದ್ದು, ಒಮ್ಮೆ ನೋಡಿ.’ ಕೊನೆಯ ಪುಟದಲ್ಲಿ ಬಾಕ್ಸುಗಳನ್ನೇ ತೆಗೆದು ಎಲ್ಲವನ್ನೂ ಕಪ್ಪು ಅಕ್ಷರದ ಸಾದಾ ಸಾಲುಗಳನ್ನಾಗಿ ಮಾಡಿದೆವು. ನಿಜವಾಗಿ ಬೀಗ ಬೇಕಾಗಿದ್ದದ್ದು ಜಿಲ್ಲೆಯ ಹೆಸರಿಗೆ ಮಾತ್ರ. ಅದರ ಹಿನ್ನೆಲೆಯನ್ನಷ್ಟೇ ಬೂದು ಮಾಡಿ ಅಕ್ಷರವನ್ನು ಗಾಢವಾಗಿ ಉಳಿಸಿದೆವು.

ಅಕ್ಕ ಮತ್ತೆ ಮೊದಲಿನಿಂದ ತುಂಬಿದರು. ಅಭ್ಯಾಸದಂತೆ ವಿಳಾಸ ಆರಿಸಿದರು. ಬಾಕ್ಸುಗಳು ಹಳದಿಯಾದವು.

“ಅಯ್ಯ, ಅರಿಶಿಣ ಬಳದಂಗ ಆಯ್ತಲ್ರಿ! ಯಾರ ಮದುವಿ?”

“ಮೂಲಿಮನಿಯಾಕಿದು,” ಎಂದರು ಆ ಹೆಂಗಸು. ಆಗ ಇಬ್ಬರೂ ನಕ್ಕರು ಎಂದು ಬರೆಯಲು ಮನಸ್ಸಾಗುತ್ತದೆ. ನಕ್ಕದ್ದು ಅಕ್ಕ ಒಬ್ಬರೇ ಇರಬಹುದು.

ಅಕ್ಕ ಹಳದಿ ಬಾಕ್ಸಿನ ನಂಬರನ್ನು ಅಳಿಸಿ, ಹೆಂಗಸು ಹೇಳಿದಂತೆ ಹೊಸದನ್ನು ಒತ್ತಿದರು. ಹಳದಿ ಹೋಯಿತು, ಕೆಳಗಿನ ಸಾಲೂ ಹೋಯಿತು. ಕೊನೆಯ ಪುಟವನ್ನು ಆ ಹೆಂಗಸು ಬೆಂಚಿನ ಹತ್ತಿರ ನಿಂತೇ ಗಟ್ಟಿಯಾಗಿ ಓದಿದರು. ಆಮೇಲೆ ಬಟನ್ ಒತ್ತಿದೆವು. ಚಹಾದ ದುಡ್ಡು ನಾನೇ ಕೊಟ್ಟೆ, ನಪಾಸಾಗಿದ್ದು ಯಾರೆಂದು ಅಕ್ಕ ಕೇಳಲಿಲ್ಲ.

ಶುಕ್ರವಾರ ಅಕ್ಕನಿಂದ ಫೋನು ಬಂತು. ಆದರೆ ಮಾತಾಡಿದ್ದು ಆ ಹೆಂಗಸು.

“ಸಂಸ್ಥಾದೋರು ಫೋನ್ ಮಾಡಿದ್ರು ಮೇಡಂ, ನನ್ನ ನಂಬರಿಗೇ. ಸೋಮವಾರ ಬಾ ಅಂದಾರ.”

ಹಿಂದಿನಿಂದ ಅಕ್ಕನ ದನಿ ಕೇಳಿತು: “ಇದನ್ನೂ ಓಣಿ ತುಂಬಾ ಹೇಳು ಅಂತ ಹೇಳ್ರಿ ಆಕಿಗೆ!”