ದುಡಿದವನ ತಲೆಗೇ ಟಾರ್ಗೆಟ್

ಬಣ್ಣದ ಕಂಪನಿಯ ಮಾರಾಟ ತಂಡದವರೆಲ್ಲ ಅವಳನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದರು. ಹಾರ್ಡ್‌ವೇರ್ ಅಂಗಡಿಗಳ ಮೆಟ್ಟಿಲು ಸವೆಸಿ ಮ್ಯಾನೇಜರ್ ಆದವಳು. ಬಾಯಿ ಜೋರು, ಮನಸ್ಸು ಮೆತ್ತಗೆ ಎನ್ನುತ್ತಿದ್ದ ಅವಳ ಗಂಡ. ಆ ವರ್ಷದ ಸಭೆಯಲ್ಲಿ ಮಾತ್ರ ಅವಳ ಮನಸ್ಸೂ ಕುದಿಯುತ್ತಿತ್ತು.

ವೇದಿಕೆಯಲ್ಲಿ ಹಾರ ಹಾಕಿಸಿಕೊಂಡು ಹಲ್ಲು ಕಿರಿಯುತ್ತಿದ್ದವನಿಗೆ ‘ಆರಾಮ’ ಎಂದು ಅಡ್ಡಹೆಸರು. ಅವನ ಏರಿಯಾ ಹೊಸ ಬಡಾವಣೆ. ಈ ವರ್ಷ ಅಲ್ಲಿ ಎಲ್ಲೆಲ್ಲೂ ಮನೆಗಳು ಏಳುತ್ತಿದ್ದವು, ಅಂಗಡಿಯವರೇ ಫೋನ್ ಮಾಡಿ ಬಣ್ಣ ತರಿಸಿಕೊಳ್ಳುತ್ತಿದ್ದರು. ಹಿಂದಿನ ವರ್ಷ ಅವನು ಮಾರಿದ್ದು ಅಷ್ಟಕ್ಕಷ್ಟೇ, ಹಾಗಾಗಿ ಈ ವರ್ಷದ ಟಾರ್ಗೆಟ್ಟೂ ಪುಟ್ಟದು, ಸಲೀಸಾಗಿ ಮುಟ್ಟಿಬಿಟ್ಟಿದ್ದ.

ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದವನು ‘ಚಕ್ರ’. ಗುಡ್ಡದಾಚೆಯ ಊರುಗಳು ಅವನ ಪಾಲಿಗೆ. ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತಿತ್ತು. ಆದರೂ ಹಿಂದಿನ ವರ್ಷ ಎಲ್ಲರಿಗಿಂತ ಹೆಚ್ಚು ಮಾರಿದ್ದ. ಕಳೆದ ವರ್ಷದ ಮಾರಾಟಕ್ಕೆ ಕಾಲುಭಾಗ ಸೇರಿಸಿ ಎಲ್ಲರಿಗೂ ಟಾರ್ಗೆಟ್ ಇಡುವುದು ಕಂಪನಿಯ ಲೆಕ್ಕ. ಬೆವರು ಸುರಿಸಿದವನ ಟಾರ್ಗೆಟ್ ಬೆಟ್ಟದಷ್ಟಾಯಿತು. ಈ ಸಲವೂ ಅವನೇ ಹೆಚ್ಚು ಮಾರಿದ, ಆದರೆ ಟಾರ್ಗೆಟ್ ಮುಟ್ಟಲಿಲ್ಲ. ಮುಟ್ಟಿದವರಿಗೆ ಸಿಗುವ ಇನ್ಸೆಂಟಿವ್ ಹಣ ಕೈತಪ್ಪಿತು.

“ಕೆಲವ್ರು ಹಳೇ ಹೆಸರಿನ ಮೇಲೇ ಕೂತ್ಬಿಡ್ತಾರೆ,” ಎಂದರು ಡೈರೆಕ್ಟರ್, ಚಕ್ರನತ್ತ ನೋಡುತ್ತಾ.

ಅಕ್ಕ ತಟ್ಟನೆ ಎದ್ದಳು. “ಕೂತು ಮಾರಿದವ್ರಿಗೆ ಹಾರ, ಓಡಾಡಿ ಮಾರಿದವ್ರಿಗೆ ಬೈಗುಳಾನಾ ಸರ್?”

ಸಭೆ ಮುಗಿದೊಡನೆ ಡೈರೆಕ್ಟರ್ ಅವಳನ್ನು ತಮ್ಮ ಕೋಣೆಗೆ ಕರೆದರು.

“ಎಲ್ಲರಿಗೂ ಒಂದೇ ಅಳತೆ. ಅದೇ ನ್ಯಾಯ ಅಲ್ವೇನಮ್ಮಾ?”

“ಆನೆಗೂ ಆಡಿಗೂ ಒಂದೇ ಹೊರೆ ಹೊರಿಸೋದು ಯಾವ ನ್ಯಾಯ? ಹೆಚ್ಚು ಮಾರಿದ್ರೆ ಮುಂದಿನ ವರ್ಷ ಶಿಕ್ಷೆ ಅಂತ ಗೊತ್ತಾದ್ರೆ ಯಾರು ಸರ್ ಮೈಮುರಿದು ದುಡೀತಾರೆ? ಬಂದ ಆರ್ಡರ್‌ನೂ ಬಚ್ಚಿಟ್ಕೋತಾರೆ. ವರ್ಷದ ಮೊದಲಲ್ಲೇ ಇದನ್ನ ಹೇಳಿದ್ದೆ, ಕೇಳ್ಲಿಲ್ಲ ನೀವು.”

ಅವರು ಕಿಟಕಿಯ ಕಡೆ ಮುಖ ತಿರುಗಿಸಿ, “ಸರಿ, ನೀವೇ ಮಾಡಿ ತೋರಿಸಿ,” ಎಂದರು.

ಅಕ್ಕ ತಂಡವನ್ನು ಕೂರಿಸಿಕೊಂಡು ಏರಿಯಾಗಳನ್ನು ಹೊಸದಾಗಿ ಹಂಚಿದಳು. ಎಷ್ಟು ಅಂಗಡಿ, ಯಾವುದಕ್ಕೆ ತಿಂಗಳಿಗೆ ಎಷ್ಟು ಸಲ ಹೋಗಬೇಕು, ದಾರಿಗೆ ಎಷ್ಟು ಹೊತ್ತು ಎಂದೆಲ್ಲ ನೋಡಿ, ಎಲ್ಲರ ಕೆಲಸವೂ ಹೆಚ್ಚುಕಡಿಮೆ ಸಮವಾಗುವಂತೆ ಮಾಡಿದಳು. ಹೊಸ ಬಡಾವಣೆ ಮೂವರ ಪಾಲಾಯಿತು. ಟಾರ್ಗೆಟ್ ಇಡುವಾಗ ಕಳೆದ ವರ್ಷದ ಮಾರಾಟ ಒಂದನ್ನೇ ನೋಡದೆ, ಅಲ್ಲಿ ಇನ್ನೆಷ್ಟು ಬಣ್ಣ ಖರ್ಚಾಗಬಹುದು ಎಂಬುದನ್ನೂ ಮಾರುವವರನ್ನೇ ಕೇಳಿ ನಿಗದಿ ಮಾಡಿದಳು. ಆರಾಮ ಗೊಣಗಿದ. ಗೊಣಗುತ್ತಲೇ ಬೈಕ್ ಹತ್ತಿದ.

ಚಕ್ರ ಮಾತ್ರ ಅಷ್ಟರಲ್ಲೇ ರಾಜೀನಾಮೆ ಕೊಟ್ಟು ಎದುರಾಳಿ ಕಂಪನಿ ಸೇರಿದ್ದ.

“ಹೊಸ ಹಂಚಿಕೆ ಮಾಡಿದ್ದೀನಿ, ವಾಪಸ್ ಬಾರಪ್ಪ,” ಎಂದಳು ಅಕ್ಕ ಫೋನಿನಲ್ಲಿ.

“ನಿಮ್ಮ ಮೇಲೆ ಸಿಟ್ಟಿಲ್ಲ ಅಕ್ಕಾ. ಆದ್ರೆ ಡೈರೆಕ್ಟರು ಅಷ್ಟು ಜನರ ಮುಂದೆ ನನ್ನ ಮರ್ಯಾದೆ ತೆಗೆದ್ರಲ್ಲ, ಅದಕ್ಕೆ ಯಾವ ಇನ್ಸೆಂಟಿವ್ ಕೊಡ್ತೀರಿ?”



ಮುಂದಿನ ವರ್ಷ ಹೆಚ್ಚಿನವರು ಟಾರ್ಗೆಟ್ ಮುಟ್ಟಿದರು. “ನಮ್ಮ ಹೊಸ ಪದ್ಧತಿ,” ಎಂದು ಡೈರೆಕ್ಟರ್ ಹೆಮ್ಮೆಯಿಂದ ಹೇಳಿಕೊಂಡರು. ಗುಡ್ಡದಾಚೆಯ ಅಂಗಡಿಗಳಲ್ಲಿ ಮಾತ್ರ ಈಗ ಎದುರಾಳಿ ಕಂಪನಿಯ ಬಣ್ಣವೇ ಮುಂದಿನ ಸಾಲಿನಲ್ಲಿದೆ.