ಅಕ್ಕ ಒಪ್ಪಲಿಲ್ಲ

ದಂತ ಆಸ್ಪತ್ರೆಯ ಹಿಂಭಾಗದ ಕೋಣೆಯಲ್ಲಿ ಕೂತು, ಬಾಯಿ ಬರಿದಾದವರಿಗೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕೆಲಸ. ಮೇಣದಲ್ಲಿ ಒಸಡು ತಿದ್ದಿ, ಅದರಲ್ಲಿ ಒಂದೊಂದೇ ಹಲ್ಲು ನೆಟ್ಟು, ಕನ್ನಡಿಯ ಮುಂದೆ ಹಿಡಿದು ನೋಡುತ್ತಿದ್ದ. ಸಿಡುಕು ಮೋರೆಯ ಮುದುಕರೂ ಅವನು ಮಾಡಿದ ಹಲ್ಲು ಹಾಕಿಕೊಂಡರೆ ಮದುವೆ ಮನೆಯ ಬಾಗಿಲಲ್ಲಿ ನಿಂತವರಂತೆ ಕಾಣುತ್ತಿದ್ದರು. ಜೊತೆಯವರು ಅವನಿಗೆ ಇಟ್ಟ ಹೆಸರು ‘ಆಗ್ಲಿ ಸಾರ್’. ಡಾಕ್ಟರು ನಾಳೆಗೆ ಬೇಕು ಅಂದರೂ ಆಗ್ಲಿ, ಇವತ್ತಿಗೇ ಬೇಕು ಅಂದರೂ ಆಗ್ಲಿ. ಇಲ್ಲ ಅನ್ನುವ ಮಾತು ಅವನ ಗಂಟಲಲ್ಲಿ ಹುಟ್ಟಿ ನಾಲಿಗೆಗೆ ಬರುವಷ್ಟರಲ್ಲಿ ದಾರಿ ತಪ್ಪುತ್ತಿತ್ತು. ನಮ್ಮಲ್ಲಿ ಅರ್ಧ ಜನ ಹೀಗೇ ಇದ್ದೇವೆ. ಅದನ್ನು ಒಳ್ಳೆಯತನ ಎಂದುಕೊಂಡು ಆರಾಮವಾಗಿದ್ದೇವೆ.

ಇಂಥವನ ಮುಂದೆ ಒಂದು ಭಾನುವಾರ ಬಾಮೈದ ಬಂದು ಕೂತ. ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆದು ಒಗೆದು ಬೇಸತ್ತು, ಈಗ ತನ್ನದೇ ಲಾಂಡ್ರಿ ಇಡಲು ಹೊರಟಿದ್ದ. ಎರಡು ಭಾರೀ ಮೆಷಿನ್ನು, ಒಂದು ಡ್ರೈಯರ್ರು, ಅಷ್ಟಕ್ಕೂ ಬ್ಯಾಂಕ್ ಸಾಲ.

“ಜಾಮೀನಿಗೆ ಸಂಬಳದವರು ಒಬ್ರು ಬೇಕಂತೆ ಭಾವ. ನಂಗೆ ನೀವು ಬಿಟ್ರೆ ಯಾರಿದಾರೆ? ಅಕ್ಕಂಗೆ ಈಗ್ಲೇ ಹೇಳ್ಬೇಡಿ. ಮೆಷಿನ್ ಬಂದ್ಮೇಲೆ ಕರ್ಕೊಂಡೋಗಿ ತೋರಿಸ್ತೀನಿ.”

“ಆಗ್ಲಿ, ನೋಡೋಣ,” ಅಂದ ಭಾವ.

ಅಡುಗೆಮನೆಯಲ್ಲಿ ಅಕ್ಕ ತಮ್ಮನಿಗಾಗಿ ಬಾಣಲೆಯ ತಳ ಕೆರೆಯುತ್ತಿದ್ದಳು. ತಳ ಹತ್ತಿ ಸೀದದ್ದು ಅವನಿಗೆ ಇಷ್ಟ. ತಾಯಿ ಸತ್ತಾಗ ಅವನಿನ್ನೂ ತೊದಲುತ್ತಿದ್ದ. ಇವಳು ಶಾಲೆ ಬಿಟ್ಟು ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಸ್ವಂತ ಮಕ್ಕಳಾಗಲಿಲ್ಲ. ಭಾನುವಾರ ಅವನು ಬಂದು ಅಡುಗೆ ಕಟ್ಟೆ ಹತ್ತಿ ಕೂತು ಬಾಣಲೆಯಿಂದಲೇ ತಿಂದರೆ ಅವಳ ವಾರ ಮುಗಿದಂತೆ.

ಭಾವ ಮೂರ್ಖನಲ್ಲ. ಸೀದಾ ಬ್ಯಾಂಕಿಗೆ ಹೋಗಿ ಸಾಲದ ವಿಭಾಗದ ಮೇಡಂ ಎದುರು ಕೂತ.

“ಬರೀ ಸಾಕ್ಷಿ ಸಹಿ ಥರಾನಾ ಮೇಡಂ?”

“ಅಲ್ಲ. ಅವರು ಸಾಲಗಾರ್ರಾದ್ರೆ ನೀವೂ ಅಷ್ಟೇ ಸಾಲಗಾರ್ರು. ಕಂತು ನಿಂತ್ರೆ ಮೊದ್ಲು ಅವರನ್ನ ಹಿಂಡಿ ಆಮೇಲೆ ನಿಮ್ಮ ಹತ್ರ ಬರ್ತೀವಿ ಅಂತೇನಿಲ್ಲ, ನೇರವಾಗಿ ನಿಮ್ಮನ್ನೇ ಕೇಳಬಹುದು. ಬಡ್ಡಿ, ಖರ್ಚು ಎಲ್ಲಾ ಸೇರಿಸಿ. ಕೋರ್ಟಿಗೆ ಹೋದ್ರೆ ಸಂಬಳಕ್ಕೂ ಕೈ ಬೀಳುತ್ತೆ. ಅವರು ಸರಿಯಾಗಿ ಕಟ್ತಾ ಇದ್ರೂ ಈ ಜಾಮೀನು ನಿಮ್ಮ ಸಾಲದ ರಿಪೋರ್ಟಲ್ಲಿ ಕಾಣುತ್ತೆ. ನಾಳೆ ನೀವು ಮನೆ ಸಾಲ ಕೇಳಿದ್ರೆ ಇದನ್ನೂ ಲೆಕ್ಕಕ್ಕೆ ತಗೋತಾರೆ.”

“ಮಧ್ಯದಲ್ಲಿ ಬೇಡ ಅನ್ನಿಸಿದ್ರೆ?”

“ಸಹಿ ಹಾಕಿದ್ಮೇಲೆ ಅನ್ನಿಸಬಾರ್ದು. ಬ್ಯಾಂಕ್ ಒಪ್ಪಿ, ನಿಮ್ಮ ಜಾಗಕ್ಕೆ ಇನ್ನೊಬ್ರು ಬಂದ್ರೆ ಮಾತ್ರ ಬಿಡುಗಡೆ. ಇಲ್ಲಾಂದ್ರೆ ಸಾಲ ತೀರೋವರೆಗೆ.”

ಅವನ ಮುಖ ನೋಡಿ ಮೇಡಂ ಪೆನ್ನು ಕೆಳಗಿಟ್ಟರು. “ಬೇಡ ಅಂತಿದ್ರೆ ಇವತ್ತೇ ಹೇಳ್ಬಿಡಿ, ಅವರು ಮೆಷಿನ್ನಿಗೆ ಮುಂಗಡ ಕೊಡೋಕೆ ಮುಂಚೆ. ‘ನಾನು ಯಾರಿಗೂ ಜಾಮೀನು ಹಾಕಲ್ಲ, ನಿನ್ನ ಮೇಲೆ ಅನುಮಾನ ಇಲ್ಲ’ ಅಷ್ಟೇ ಸಾಕು. ನೆಪ ಹೇಳ್ಬೇಡಿ. ಒಂದೊಂದು ನೆಪಕ್ಕೂ ಅವರು ಪರಿಹಾರ ಹುಡುಕ್ಕೊಂಡು ಬರ್ತಾರೆ. ಕೈಲಾದ್ದು ಬೇರೆ ಏನಾದ್ರೂ ಕೊಡಿ, ವಾಪಸ್ ಕೇಳದೆ. ಒಂದೇ ಮೆಷಿನ್ನಿಗೆ ಅರ್ಜಿ ಹಾಕಿ, ಮುಂಗಡ ಜಾಸ್ತಿ ಕಟ್ಟಿದ್ರೆ, ಆ ಮೆಷಿನ್ನನ್ನೇ ಅಡ ಇಟ್ಕೊಂಡು ಕೊಡ್ತೀವಿ. ಜಾಮೀನೇ ಬೇಕಾಗಲ್ಲ.”

ಬಂಗಾರದಂಥ ಮಾತು. ಅವನು ತಲೆಯಾಡಿಸಿ ಕೇಳಿ, ಕೈ ಮುಗಿದು, ಹೊರಗೆ ಬಂದು, ಅದರಲ್ಲಿ ಸುಲಭವಾದ ಅರ್ಧವನ್ನು ಮಾತ್ರ ಇಟ್ಟುಕೊಂಡ.

ಮೊದಲ ನೆಪ, ಆಸ್ಪತ್ರೆಯಲ್ಲಿ ಸಂಬಳದ ಸರ್ಟಿಫಿಕೇಟು ಕೊಡುತ್ತಿಲ್ಲ ಎಂಬುದು. ಬಾಮೈದ ಆಫೀಸಿನ ಗುಮಾಸ್ತನನ್ನು ಹಿಡಿದು, ಅವನ ಕೋಟು ಪುಕ್ಕಟೆ ಒಗೆದುಕೊಟ್ಟು, ಸರ್ಟಿಫಿಕೇಟು ಇಂಥ ದಿನ ಸಿಗುತ್ತದೆಂದು ತಿಳಿದುಕೊಂಡು ಬಂದ. ಎರಡನೆಯದು, ಆಗಲೇ ಗೆಳೆಯನೊಬ್ಬನಿಗೆ ಜಾಮೀನಾಗಿದ್ದೇನೆ ಎಂಬುದು. “ಪರವಾಗಿಲ್ವಂತೆ ಭಾವ, ಸಂಬಳ ಸಾಲುತ್ತಾ ನೋಡ್ತಾರಂತೆ, ನಿಮ್ಮ ರಿಪೋರ್ಟ್ ತೆಗೆಸೋಣ,” ಅಂತ ಅವನು ಕುಣಿಯುತ್ತ ಬಂದ. ರಿಪೋರ್ಟು ತೆಗೆದರೆ ಗೆಳೆಯನೂ ಇಲ್ಲ, ಜಾಮೀನೂ ಇಲ್ಲ. ಸುಳ್ಳು ಬಯಲಾಗುತ್ತಿತ್ತು.

ಆಗ ಮೂರನೆಯ ಮಾತು ತಾನಾಗಿ ಬಾಯಿಂದ ಜಾರಿತು.

“ನಾನು ಪೆನ್ ಹಿಡ್ದಿದ್ದೆ ಕಣೋ. ನಿಮ್ಮಕ್ಕ ಒಪ್ಪಲಿಲ್ಲ.”

ಬಾಮೈದ ತಲೆಯೆತ್ತಿದ. “ಅಕ್ಕನಾ?”

“‘ಅವನನ್ನ ನಂಬಿ ನಾವು ಬೀದಿಗೆ ಬರೋದು ಬೇಡ’ ಅಂದ್ಳು. ಕೇಳೋಕೆ ಹೋಗ್ಬೇಡ, ಸುಮ್ನೆ ನೊಂದ್ಕೋತಾಳೆ.”

ಈ ನೆಪಕ್ಕೆ ಅವನು ಪರಿಹಾರ ಹುಡುಕಲಿಲ್ಲ. ಕೂತಲ್ಲೇ ಅಂಗೈ ನೋಡಿಕೊಂಡ. ಭಾವ ಭುಜ ತಟ್ಟಿ, ಒಂದೇ ಮೆಷಿನ್ನಿನ ಉಪಾಯ ಹೇಳಿ, ಮುಂಗಡಕ್ಕೆಂದು ತನ್ನ ಉಳಿತಾಯದಲ್ಲೂ ಸ್ವಲ್ಪ ಅವನ ಕೈಗಿಟ್ಟ. ಹುಡುಗನ ಕಣ್ಣು ತುಂಬಿತು. “ಹೊರಗಿಂದ ಬಂದವರು ನೀವು, ನಿಮಗಿರೋ ಕರುಳು…” ಅಂದು ನಿಲ್ಲಿಸಿದ. ಸಂಬಂಧ ಒಂದಿಷ್ಟೂ ಮುಕ್ಕಾಗಲಿಲ್ಲ ಎಂದು ಭಾವ ಅಂದು ಹೊಟ್ಟೆ ತುಂಬ ಉಂಡ.

ಮುಂದಿನ ಭಾನುವಾರ ಬಾಮೈದ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಆಸ್ಪತ್ರೆಗೆ ಮಾತ್ರ ಬರುತ್ತಿದ್ದ, ಭಾವನ ಜೊತೆ ಚಹಾ ಕುಡಿಯುತ್ತಿದ್ದ. ಅಕ್ಕ ಫೋನ್ ಮಾಡಿದರೆ ಕೆಲಸ ಅನ್ನುತ್ತಿದ್ದ. ಅವಳು ಬಾಣಲೆ ಕೆರೆದು ತಟ್ಟೆ ಮುಚ್ಚಿಡುತ್ತಿದ್ದಳು, ಸಂಜೆಗೆ ಚೆಲ್ಲುತ್ತಿದ್ದಳು. “ನಾನೇನಾದ್ರೂ ಅಂದ್ನೇನ್ರೀ?” ಅಂತ ಗಂಡನನ್ನು ಕೇಳುತ್ತಿದ್ದಳು. “ಹೊಸ ವ್ಯವಹಾರ ಅಲ್ವಾ, ಪುರುಸೊತ್ತಿರಲ್ಲ,” ಅಂತ ಅವನು ಪೇಪರಿನ ಹಿಂದಿನಿಂದ ಸಮಾಧಾನ ಮಾಡುತ್ತಿದ್ದ. ಲಾಂಡ್ರಿ ಶುರುವಾದ ದಿನ ಕರೆ ಬಂದದ್ದು ಭಾವನೊಬ್ಬನಿಗೆ. ಅವನು ಹೋಗಿಯೂ ಬಂದ.

ವಿಷಯ ಅವಳಿಗೆ ಮುಟ್ಟಿಸಿದ್ದು ಅದೇ ಗುಮಾಸ್ತ, ಅಂಗಡಿಯಲ್ಲಿ ಸಿಕ್ಕು. “ಸಾರ್ ಸಹಿ ಹಾಕೋಕೆ ಹೊರಟ್ರೂ ನೀವೇ ತಮ್ಮನಿಗೆ ಜಾಮೀನು ಬೇಡ ಅಂದ್ರಂತೆ, ನಿಮ್ಮ ತಮ್ಮನೇ ಹೇಳ್ದ, ಒಳ್ಳೇ ಕೆಲಸ ಮಾಡಿದ್ರಿ ಅಮ್ಮ.”

ಅವಳು ಮನೆಗೆ ಬಂದು ಚೀಲ ಕೆಳಗಿಟ್ಟಳು. ಕೂಗಾಡಲಿಲ್ಲ.

“ಕೇಳಿದ್ರೆ ನಾನೂ ಬೇಡ ಅಂತಿದ್ದೆ. ಅವನ ಮುಖ ನೋಡಿ, ಯಾಕೆ ಅಂತ ಹೇಳಿ, ತಲೆ ಸವರಿ ಅಂತಿದ್ದೆ. ಅವನು ಒಂದು ದಿನ ಮುನಿಸ್ಕೊಂಡು ಮತ್ತೆ ಊಟಕ್ಕೆ ಬರ್ತಿದ್ದ. ನೀವು ನನ್ನ ಹೆಸರು ಹೇಳಿ ಅದನ್ನ ಮಾಡಿದ್ರಿ. ನಡೀರಿ, ಈಗ ನಿಜ ಹೇಳಿ ಬನ್ನಿ.”

“ಆಗ್ಲಿ,” ಅಂದ ಅವನು. ಬೇರೆ ದಾರಿಯಿರಲಿಲ್ಲ.

ಬರಿಗೈಲಿ ಹೋಗಲು ಅವಳಿಗೆ ಸಂಕೋಚ. ಒಗೆಯಲು ಕೊಡುವ ನೆವಕ್ಕೆ ಒಂದು ಹೊದಿಕೆ ಮಡಚಿ ಕಂಕುಳಲ್ಲಿಟ್ಟುಕೊಂಡಳು. ಲಾಂಡ್ರಿಯಲ್ಲಿ ಸೋಪಿನ ಹಬೆ, ಒಂದೇ ಮೆಷಿನ್ನಿನ ಗಡಗಡ. ಅವಳು ಬಾಗಿಲ ಬಳಿ ನಿಂತಳು. ಗಂಡ ಸದ್ದಿನ ಮೇಲೆ ದನಿ ಏರಿಸಿ, ಬದುಕಿನಲ್ಲಿ ಮೊದಲ ಸಲ, ಒಂದೂ ನೆಪವಿಲ್ಲದೆ ಮಾತಾಡಿದ.

“ಅಕ್ಕಂಗೆ ಗೊತ್ತೇ ಇರ್ಲಿಲ್ಲ ಕಣೋ. ನಾನೇ ಹೆದರಿ ಅವಳ ಹೆಸರು ಹೇಳ್ದೆ. ಸುಳ್ಳು ನಂದು.”

ಬಾಮೈದ ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಅವನನ್ನೇ ನೋಡಿದ. ಆಮೇಲೆ ಬಾಗಿಲ ಕಡೆ ನೋಡಿದ. ತುಟಿಯಂಚಿನಲ್ಲಿ ನಕ್ಕ.

“ಭಾವ, ನೀವು ದೇವರಂಥವರು. ಹೆಂಡ್ತಿ ಮಾಡಿದ್ದನ್ನ ಹೀಗೆ ತಲೆ ಮೇಲೆ ಹೊತ್ಕೊಳ್ಳೋರು ಎಷ್ಟು ಜನ ಇದಾರೆ? ಹೇಳಿಕೊಟ್ಟು ಕರ್ಕೊಂಡು ಬಂದಿದಾರೆ ಅಂತ ನಂಗೆ ಗೊತ್ತಾಗಲ್ವಾ?”

“ಇಲ್ಲ ಕಣೋ, ನಿಜವಾಗ್ಲೂ…”

“ಬಿಡಿ ಭಾವ. ಬಲವಂತಕ್ಕೆ ಎಷ್ಟು ಅಂತ ಹೇಳ್ತೀರಿ. ಕೂತ್ಕೊಳ್ಳಿ, ಚಹಾ ತರಿಸ್ತೀನಿ.”

ಅಕ್ಕ ಬಾಯಿ ತೆರೆದಳು. ಇನ್ನು ತಾನೇನು ಹೇಳಿದರೂ ಅದು ಗಂಡನಿಗೆ ಹೇಳಿಕೊಟ್ಟ ಮಾತೇ ಆಗುತ್ತದೆಂದು ಹೊಳೆದು ಮುಚ್ಚಿದಳು. ಬಾಮೈದ ಬಂದು ಅವಳ ಕಂಕುಳಿನ ಹೊದಿಕೆ ತೆಗೆದುಕೊಂಡ, ಬಿಚ್ಚಿ ಕಲೆಗಳಿವೆಯೇ ಎಂದು ತಿರುಗಿಸಿ ನೋಡಿದ, ಅದಕ್ಕೊಂದು ತಗಡಿನ ನಂಬರು ಕಟ್ಟಿ, ಅದೇ ನಂಬರಿನ ಜೋಡಿ ಬಿಲ್ಲೆಯನ್ನು ಅವಳ ಕೈಗಿಟ್ಟ.

“ಶನಿವಾರ ಆಗುತ್ತೆ. ಯಾರ ಕೈಲಾದ್ರೂ ಬಿಲ್ಲೆ ಕೊಟ್ಟು ಕಳಿಸಿ, ಸಾಕು.”